ಎಡಕ್ಕೇ ನಿಂತ ಚಕ್ರ

ಪತ್ರಿಕೆಯವರಿಗೆ ಚುಕ್ಕಾಣಿ ಎಂಬ ಪದದ ಮೇಲೆ ಅದೇನು ಮೋಹವೋ. ಯಾರಾದರೂ ಒಂದು ಕುರ್ಚಿ ಏರಿದರೆ ಸಾಕು, ಅಧಿಕಾರದ ಚುಕ್ಕಾಣಿ ಹಿಡಿದರು ಎಂದು ದಪ್ಪಕ್ಷರದಲ್ಲಿ ಬರೆದುಬಿಡುತ್ತಾರೆ. ನಿಜವಾದ ಹಡಗಿನ ಚುಕ್ಕಾಣಿಯನ್ನು ಹಿಡಿಯಲು ಯಾರಪ್ಪನಿಂದಲೂ ಆಗುವುದಿಲ್ಲ. ಅದು ಹಡಗಿನ ಹಿಂಭಾಗದಲ್ಲಿ, ನೀರಿನೊಳಗೆ, ಪ್ರೊಪೆಲ್ಲರಿನ ಬೆನ್ನ ಹಿಂದೆ ತೂಗುಬಿದ್ದ ಉಕ್ಕಿನ ಕದ. ಎರಡಂತಸ್ತಿನ ಮನೆಯಷ್ಟು ಎತ್ತರ. ಅದನ್ನು ಹಿಡಿಯುವವನೆಂದು ಸಂಬಳ ಎಣಿಸುವವನು ನಿಂತಿರುವುದು ನೀರಿನಿಂದ ಎಷ್ಟೋ ಎತ್ತರದ ಗಾಜಿನ ಕೋಣೆಯಲ್ಲಿ, ಊಟದ ತಟ್ಟೆಯಷ್ಟಗಲದ ಚಕ್ರದ ಮುಂದೆ. ಅವನ ಅಧಿಕಾರವೂ ತಟ್ಟೆಯಷ್ಟೇ. ಕ್ಯಾಪ್ಟನ್ ಹೇಳಿದ್ದನ್ನು ಗಟ್ಟಿಯಾಗಿ ತಿರುಗಿ ಹೇಳಬೇಕು, ಹೇಳಿದಷ್ಟೇ ತಿರುಗಿಸಬೇಕು, ತಿರುಗಿಸಿದ ಮೇಲೆ ಆಯಿತೆಂದು ಹೇಳಬೇಕು. ಯಾಕೆ, ಏನು ಎಂದು ಕೇಳುವ ಹಾಗಿಲ್ಲ.

ನಮ್ಮ ಚುಕ್ಕಾಣಿಗ ಈ ಕೆಲಸವನ್ನು ಎಷ್ಟು ನಿಯತ್ತಿನಿಂದ ಮಾಡುತ್ತಿದ್ದನೆಂದರೆ, ಹಡಗಿನಲ್ಲಿ ಅವನಿಗೆ ಗಿಳಿ ಎಂದೇ ಹೆಸರು ಬಿದ್ದಿತ್ತು. ಕ್ಯಾಪ್ಟನ್ ಎಡಕ್ಕೆ ಹತ್ತು ಡಿಗ್ರಿ ಎಂದರೆ ಎಡಕ್ಕೆ ಹತ್ತು, ನಡುವಿಗೆ ಎಂದರೆ ನಡುವಿಗೆ. ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಅವನು ಚಕ್ರದ ಮುಂದೆ ನಿಂತಿದ್ದರೆ ಕ್ಯಾಪ್ಟನ್‌ಗಳು ಚುಕ್ಕಾಣಿ ಎಷ್ಟು ತಿರುಗಿದೆಯೆಂದು ತೋರಿಸುವ ಮುಳ್ಳು ನೋಡುವುದನ್ನು ಬಿಟ್ಟು ನೆಮ್ಮದಿಯಾಗಿ ಹೊರಗೆ ನೋಡುತ್ತಿದ್ದರು. ಅವನಿಗೆ ಅದು ಹೆಮ್ಮೆ. ಯಾಕಿರಬಾರದು? ಮನುಷ್ಯನಿಗೆ ಒಂದಾದರೂ ವಿಷಯದಲ್ಲಿ ನಂಬಿಕಸ್ಥ ಎನ್ನಿಸಿಕೊಳ್ಳುವ ಆಸೆ ಇದ್ದೇ ಇರುತ್ತದೆ.

ಮನೆಯಲ್ಲಿ ಗಿಳಿಯ ಆಟ ನಡೆಯುತ್ತಿರಲಿಲ್ಲ. ಅವನ ಹೆಂಡತಿ ಊರಿನ ಸಿಟಿ ಬಸ್ಸು ಓಡಿಸುವವಳು. ಸಂದಿಗೊಂದಿಯಲ್ಲಿ ಉದ್ದನೆಯ ಬಸ್ಸನ್ನು ಕನ್ನಡಿ ನೋಡಿಕೊಂಡೇ ಹೊರಳಿಸುವ ಗಟ್ಟಿಗಿತ್ತಿ. ಗಂಡ ರಜೆಗೆ ಬಂದಾಗ ಪೇಟೆಗೆ ಸ್ಕೂಟರಿನಲ್ಲಿ ಹೊರಟರೆ ಯಾರು ಓಡಿಸಬೇಕು ಎಂಬಲ್ಲಿಂದಲೇ ಜಗಳ. ಒಂದು ಮನೆಯಲ್ಲಿ ಇಬ್ಬರು ಡ್ರೈವರ್‌ಗಳಿದ್ದರೆ ದಾರಿ ತಪ್ಪಿದ್ದು ಯಾರಿಂದ ಎಂಬುದು ಕೊನೆಗೂ ಇತ್ಯರ್ಥವಾಗುವುದಿಲ್ಲ ಎಂದು ನಗುತ್ತಿದ್ದವನು ಅವಳ ತಮ್ಮ.

ಆ ತಮ್ಮ, ಅಂದರೆ ಗಿಳಿಯ ಭಾವಮೈದುನ, ಅದೇ ಹಡಗಿನಲ್ಲಿ ಫಿಟ್ಟರ್. ಅಪ್ಪ ಅಮ್ಮ ಬೇಗ ಹೋಗಿ, ಅಕ್ಕನ ಕೈಯಲ್ಲೇ ಬೆಳೆದವನು. ಊರಿನ ವರ್ಕ್‌ಶಾಪಿನಲ್ಲಿ ಬೆಸುಗೆ ಹಾಕಿಕೊಂಡು, ಸಿಕ್ಕಿದ ಹುಡುಗಿಯರಿಗೆಲ್ಲ ಜೋಕು ಹೇಳಿಕೊಂಡು ಅಡ್ಡಾಡುತ್ತಿದ್ದವನನ್ನು ಕಂಪನಿಗೆ ಶಿಫಾರಸು ಮಾಡಿ ಹಡಗು ಹತ್ತಿಸಿದವನು ಗಿಳಿಯೇ. ಅಕ್ಕನಿಗೆ ಸುತರಾಂ ಇಷ್ಟವಿರಲಿಲ್ಲ. ಕೊನೆಗೆ ಒಪ್ಪಿದಳು, ಆದರೆ ಒಂದು ಮಾತು ಹೇಳಿ ಒಪ್ಪಿದಳು: "ನೀವಿದ್ದೀರಿ ಅಂತ ಕಳಿಸ್ತಿದೀನಿ. ಹೇಗೆ ಕರ್ಕೊಂಡು ಹೋಗ್ತೀರೋ ಹಾಗೇ ಕರ್ಕೊಂಡು ಬರಬೇಕು."

ಹಡಗಿನಲ್ಲಿ ಅವನಿಗೆ ಸಿಕ್ಕ ಕೆಲಸಗಳಲ್ಲಿ ಒಂದು, ಚುಕ್ಕಾಣಿಯ ನೆತ್ತಿಯ ಮೇಲಿರುವ ಸ್ಟೀರಿಂಗ್ ಗೇರ್ ಕೋಣೆಯ ಆರೈಕೆ. ಭಾವ ಮೇಲೆ ಚಕ್ರ ತಿರುಗಿಸಿದರೆ ಆ ಸುದ್ದಿ ವೈರಿನ ಮೂಲಕ ಹಡಗಿನ ಉದ್ದಕ್ಕೂ ಓಡಿ ಈ ಕೋಣೆಗೆ ಬರುತ್ತದೆ. ಅಲ್ಲಿ ಪಂಪುಗಳು ಎಣ್ಣೆಯನ್ನು ಒತ್ತುತ್ತವೆ. ಆನೆಯ ಕಾಲಿನಷ್ಟು ದಪ್ಪದ ಉಕ್ಕಿನ ದಂಡಗಳು ಆ ಒತ್ತಡಕ್ಕೆ ಒಂದು ಒಳಕ್ಕೆ, ಒಂದು ಹೊರಕ್ಕೆ ಸರಿಯುತ್ತವೆ. ಅವು ಒಂದು ದೊಡ್ಡ ತೋಳನ್ನು ತಳ್ಳುತ್ತವೆ. ತೋಳಿನ ಬುಡದಲ್ಲಿರುವ ಕಂಬ ತಿರುಗಿ, ಕೆಳಗೆ ನೀರಿನಲ್ಲಿರುವ ಕದ ಓರೆಯಾಗುತ್ತದೆ. ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಅದು ಹೊರಳಲು ಹೆಚ್ಚುಕಡಿಮೆ ಅರ್ಧ ನಿಮಿಷ. "ಭಾವ ತಿರುಗಿಸೋದು ತಟ್ಟೆ, ಹಡಗು ತಿರುಗಿಸೋದು ನನ್ನ ಎಣ್ಣೆ" ಎಂಬುದು ಫಿಟ್ಟರನ ನಿತ್ಯದ ಮಾತು.

ಕಳೆದ ರಜೆಯಲ್ಲಿ ಮೂವರೂ ಅಡಿಗೆಮನೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದಾಗ, ಅಷ್ಟು ದೊಡ್ಡ ಹಡಗನ್ನು ಒಂದು ಕದ ಹೇಗೆ ತಿರುಗಿಸುತ್ತದೆ ಎಂದು ಅಕ್ಕ ಕೇಳಿದಳು. ಫಿಟ್ಟರ್ ಬಸ್ಸಿನ ಲೆಕ್ಕದಲ್ಲೇ ಹೇಳಿದ. ಬಸ್ಸಿಗೆ ಮುಂದಿನ ಚಕ್ರ ತಿರುಗುತ್ತದೆ, ಟೈರು ರಸ್ತೆಯನ್ನು ಕಚ್ಚಿಕೊಳ್ಳುತ್ತದೆ, ಹಿಂಭಾಗ ತಿರುವಿನ ಒಳಬದಿಗೆ ಸರಿದು ಹಿಂಬಾಲಿಸುತ್ತದೆ. ಹಡಗಿಗೆ ಎಲ್ಲ ತಿರುವು ಮುರುವು. ಕದ ಎಡಕ್ಕೆ ಓರೆಯಾದರೆ, ಪ್ರೊಪೆಲ್ಲರ್ ಹಿಂದಕ್ಕೆ ರಾಚುವ ನೀರು ಅದಕ್ಕೆ ಬಡಿದು ಹಡಗಿನ ಬಾಲವನ್ನು ಬಲಕ್ಕೆ ತಳ್ಳುತ್ತದೆ. ಬಾಲ ಹೊರಗೆ ಹೋಯಿತು, ಮೂತಿ ಒಳಗೆ ಬಂತು. ಆದರೆ ಮೂತಿ ಬಂದ ಮಾತ್ರಕ್ಕೆ ಹಡಗು ಆ ಕಡೆ ಹೋಗುವುದಿಲ್ಲ. ನೀರಿನಲ್ಲಿ ಕಚ್ಚಿಕೊಳ್ಳಲು ಟೈರಿಲ್ಲವಲ್ಲ. ಅಷ್ಟು ಸಾವಿರ ಟನ್ನಿನ ಭಾರ ಹಳೆಯ ದಾರಿಯಲ್ಲೇ ಅಡ್ಡಡ್ಡ ಜಾರುತ್ತಿರುತ್ತದೆ. ಪಕ್ಕೆಯಿಂದ ನೀರನ್ನು ಒತ್ತಿ ಒತ್ತಿ, ನೀರಿನಿಂದ ಒತ್ತಿಸಿಕೊಂಡು, ನಿಧಾನಕ್ಕೆ ದಾರಿ ಬಾಗಬೇಕು. ಅಷ್ಟರಲ್ಲಿ ಹಡಗಿನ ಮೂರು ನಾಲ್ಕು ಪಟ್ಟು ಉದ್ದದಷ್ಟು ಅಗಲದ ಸುತ್ತು ಆಗಿಬಿಟ್ಟಿರುತ್ತದೆ. ನಿಧಾನ ಹೋದರೆ ಸುತ್ತು ಚಿಕ್ಕದಾಗುತ್ತದಾ ಎಂದು ಅಕ್ಕ ಕೇಳಿದಳು. ಇಲ್ಲ, ಸುತ್ತು ಹೆಚ್ಚುಕಡಿಮೆ ಅಷ್ಟೇ, ಹೊತ್ತು ಮಾತ್ರ ಜಾಸ್ತಿ ಎಂದ. ಇಂಥ ವಾಹನಕ್ಕೆ ಲೈಸೆನ್ಸ್ ಕೊಟ್ಟವರನ್ನು ಮೊದಲು ಒಳಗೆ ಹಾಕಬೇಕು ಎಂದಳು ಅಕ್ಕ.

ಗಿಳಿಗೆ ಅಂದು ತಾನೂ ಏನಾದರೂ ಹೇಳಬೇಕೆನ್ನಿಸಿ, ನೀರಿಗೆ ಬಿದ್ದವರನ್ನು ಎತ್ತಿಕೊಳ್ಳುವ ತಾಲೀಮಿನ ಬಗ್ಗೆ ಹೇಳಿದ್ದ. ಸುಮ್ಮನೆ ಒಂದೇ ಕಡೆ ತಿರುಗಿ ಹಿಂದಿರುಗಿ ಬಂದರೆ ಹಡಗು ತನ್ನ ಹಳೆಯ ದಾರಿಗೆ ಬರುವುದಿಲ್ಲ, ಸುತ್ತಿನ ಅಗಲದಷ್ಟು ದೂರ, ಪಕ್ಕದಲ್ಲಿ ಬರುತ್ತದೆ. ಅದಕ್ಕೇ ಎಡಕ್ಕೆ ಬಿದ್ದರೆ ಮೊದಲು ಪೂರ್ತಿ ಎಡಕ್ಕೆ ತಿರುಗಿಸಬೇಕು. ಬಾಲ ಬಲಕ್ಕೆ ಸರಿದು ಪ್ರೊಪೆಲ್ಲರ್ ಬಿದ್ದವನಿಂದ ದೂರವಾಗುತ್ತದೆ. ಮೂತಿ ಅರವತ್ತು ಡಿಗ್ರಿ ಸರಿದ ಕೂಡಲೇ ಪೂರ್ತಿ ಬಲಕ್ಕೆ. ಹಡಗು ಒಡನೆ ಕೇಳುವುದಿಲ್ಲ, ತೂಕದ ಸೊಕ್ಕಿನಲ್ಲಿ ಇನ್ನೂ ಕೊಂಚ ಎಡಕ್ಕೇ ಹೋಗಿ, ನಿಂತು, ಆಮೇಲೆ ಬಲಕ್ಕೆ ದೊಡ್ಡ ಸುತ್ತು ಹಾಕಿ ತಾನು ಬಂದ ಗೆರೆಯ ಮೇಲೇ ಹಿಂದಕ್ಕೆ ಬಂದು ನಿಲ್ಲುತ್ತದೆ. ಬಿದ್ದವನು ಆ ಗೆರೆಯ ಮೇಲಲ್ಲದೆ ಇನ್ನೆಲ್ಲಿರುತ್ತಾನೆ? ಮಂಜಿರಲಿ, ಕತ್ತಲಿರಲಿ, ಕಣ್ಣಿಗೆ ಕಾಣದಿದ್ದರೂ ಸಿಗುತ್ತಾನೆ. ತಾಲೀಮಿನಲ್ಲಿ ಖಾಲಿ ಡ್ರಮ್ಮೊಂದನ್ನು ನೀರಿಗೆ ಎಸೆದು ಹೀಗೆ ಎಷ್ಟೋ ಸಲ ಅದರ ಪಕ್ಕಕ್ಕೇ ಹಡಗು ತಂದು ನಿಲ್ಲಿಸಿದ್ದೇವೆ ಎಂದು ಅವನು ಕೊಚ್ಚಿಕೊಂಡ. ಡ್ರಮ್ಮಿಗೆ ನೀವೆಂದರೆ ಅಷ್ಟು ಪ್ರೀತಿಯಾ ಎಂದು ಹೆಂಡತಿ ನಕ್ಕಳು.

ಆ ದಿನ ಬೆಳಗಿನ ತಿಂಡಿ ಮುಗಿದಿತ್ತು. ಸಮುದ್ರದ ಮೇಲೆ ಮಂಜು ತೇಪೆ ತೇಪೆಯಾಗಿ ಬಿದ್ದಿತ್ತು. ಹಡಗು ತುಂಬಿದ ಹೊಟ್ಟೆಯಲ್ಲಿ, ಕಡಿಮೆ ವೇಗದಲ್ಲಿ, ಆಗಾಗ ದೀರ್ಘವಾಗಿ ಹಾರ್ನ್ ಊದುತ್ತ ಸಾಗುತ್ತಿತ್ತು. ಮಂಜಿದ್ದರಿಂದ ಕ್ಯಾಪ್ಟನ್ನರೇ ಗಾಜಿನ ಕೋಣೆಗೆ ಬಂದಿದ್ದರು, ಚಕ್ರವನ್ನು ತಾನೇ ದಾರಿ ಹಿಡಿಸುವ ಯಂತ್ರದಿಂದ ಬಿಡಿಸಿ ಗಿಳಿಯ ಕೈಗೆ ಕೊಟ್ಟಿದ್ದರು. ಜೊತೆಗೆ ಸೆಕೆಂಡ್ ಆಫೀಸರ್ ಒಬ್ಬ. ಫಿಟ್ಟರ್ ಹಿಂಭಾಗದ ಎಡ ಅಂಚಿನಲ್ಲಿ ತುಕ್ಕು ತಿಂದ ಕಟಕಟೆಯ ತುಂಡೊಂದನ್ನು ಬಿಚ್ಚಿ ಹೊಸದು ಕೂರಿಸುತ್ತಿದ್ದ. ಬಿಚ್ಚಿದ ಜಾಗಕ್ಕೆ ಹಗ್ಗ ಕಟ್ಟಿದ್ದರು. ಸೊಂಟದ ಪಟ್ಟಿಯ ಕೊಂಡಿಯನ್ನು, ಆಚೆ ಬಿದ್ದಿದ್ದ ಸ್ಪ್ಯಾನರ್ ಎತ್ತಿಕೊಳ್ಳಲೆಂದು ಅವನು ಒಂದು ಗಳಿಗೆ ಬಿಚ್ಚಿದ್ದನಂತೆ. ಹಡಗು ವಾಲಿತು, ಒದ್ದೆ ನೆಲದಲ್ಲಿ ಕಾಲು ಜಾರಿತು, ಹಗ್ಗದ ಗಂಟು ಕೈಕೊಟ್ಟಿತು. ಜೊತೆಯಲ್ಲಿದ್ದವನು ಲೈಫ್‌ಬಾಯ್ ಎಂಬ ತೇಲುವ ಬಳೆಯನ್ನು ಎಸೆದ. ಆದರೆ ಅವನು ಅದನ್ನು ಗೂಟದಿಂದ ತೆಗೆದು ಎಸೆಯುವಷ್ಟರಲ್ಲಿ ಹಡಗು ಮುಂದೆ ಹೋಗಿಬಿಟ್ಟಿತ್ತು.

ಗಾಜಿನ ಕೋಣೆಗೆ ಸುದ್ದಿ ಬಂದದ್ದು ಎರಡೇ ಮಾತಿನಲ್ಲಿ. ಎಡಗಡೆ ಮನುಷ್ಯ ಬಿದ್ದ, ಫಿಟ್ಟರ್. ಕ್ಯಾಪ್ಟನ್ ಪೂರ್ತಿ ಎಡಕ್ಕೆ ಎಂದಾಗ ಗಿಳಿಯ ಬಾಯಿ ಪೂರ್ತಿ ಎಡಕ್ಕೆ ಎಂದಿತು, ಕೈ ಪೂರ್ತಿ ಎಡಕ್ಕೆ ತಿರುಗಿಸಿತು. ಸೆಕೆಂಡ್ ಆಫೀಸರ್ ಪರದೆಯ ಮೇಲೆ ಆ ಜಾಗ ಗುರುತಾಗುವ ಗುಂಡಿ ಒತ್ತಿದ, ರಕ್ಷಣಾ ದೋಣಿಯವರಿಗೆ, ಎಂಜಿನ್ ಕೋಣೆಗೆ ಫೋನು ಹಚ್ಚಿದ. ಹಡಗು ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ ಸ್ವಲ್ಪ ಹೊತ್ತು ನೆಟ್ಟಗೇ ಹೋಯಿತು. ಆಮೇಲೆ ಮೂತಿ ಎಡಕ್ಕೆ ಹೊರಳಲು ಶುರುವಾಯಿತು. ದಿಕ್ಸೂಚಿಯ ಅಂಕಿಗಳು ಮೊದಲು ಒಂದೊಂದಾಗಿ, ಆಮೇಲೆ ಬೇಗ ಬೇಗ ಉರುಳಿದವು.

ಆಗಲೇ ಮಂಜು ಒಂದು ಕಡೆ ಹರಿಯಿತು. ಎಡಗಡೆಯ ಗಾಜಿನಾಚೆ, ಹೆಗಲಿನ ಹಿಂದಕ್ಕೆ, ಬೂದು ನೀರಿನ ಮೇಲೆ ಗಿಳಿಗೆ ಒಂದು ಕಪ್ಪು ತಲೆ ಕಂಡಿತು. ತಲೆಯ ಪಕ್ಕ ಒಂದು ಕೈ ಎದ್ದಿತು. ಮರುಗಳಿಗೆಯಲ್ಲಿ ಮಂಜು ಮುಚ್ಚಿಕೊಂಡಿತು.

"ಪೂರ್ತಿ ಬಲಕ್ಕೆ," ಎಂದರು ಕ್ಯಾಪ್ಟನ್.

"ಪೂರ್ತಿ ಬಲಕ್ಕೆ," ಎಂದಿತು ಗಿಳಿಯ ಬಾಯಿ.

ಕೈ ತಿರುಗಿಸಲಿಲ್ಲ. ಹುಡುಗ ಎಡಕ್ಕಿದ್ದಾನೆ, ಈಗಷ್ಟೇ ಕಂಡಿದ್ದಾನೆ, ಹಡಗಿನ ಮೂತಿ ಅವನ ಕಡೆಗೇ ಹೊರಳುತ್ತಿದೆ. ಈಗ ಬಲಕ್ಕೆ ತಿರುಗಿಸುವುದೆಂದರೆ ಕೈಯೆತ್ತಿ ಕರೆದವನಿಗೆ ಬೆನ್ನು ತೋರಿಸುವುದು. ತಾಲೀಮು, ಗೆರೆ, ಸುತ್ತು ಎಲ್ಲವೂ ಅವನಿಗೆ ಗೊತ್ತಿತ್ತು. ಗೊತ್ತಿದ್ದದ್ದು ತಲೆಯಲ್ಲಿತ್ತು, ಅದು ಕೈಗೆ ಇಳಿಯಲಿಲ್ಲ. ತಾಲೀಮಿನ ಡ್ರಮ್ಮು ಯಾವತ್ತೂ ಕೈಯೆತ್ತಿರಲಿಲ್ಲ. ಇಷ್ಟು ವರ್ಷ ಮಾತು ಮೀರದ ಕೈ, ಮೀರಲೆಂದೇನೂ ಅಲ್ಲ, ಸುಮ್ಮನೆ ಎಡಕ್ಕೇ ಕಚ್ಚಿಕೊಂಡು ನಿಂತಿತು.

ಕ್ಯಾಪ್ಟನ್ ದುರ್ಬೀನು ಹಿಡಿದು ಹೊರಗೆ ನೋಡುತ್ತಿದ್ದರು. ಗಿಳಿ ಹೇಳಿದನೆಂದರೆ ಮುಗಿಯಿತಲ್ಲ. ಫೋನು ಕೆಳಗಿಟ್ಟ ಸೆಕೆಂಡ್ ಆಫೀಸರ್ ತಲೆಯೆತ್ತಿ ಮುಳ್ಳು ನೋಡಿ, ಚುಕ್ಕಾಣಿ ಇನ್ನೂ ಎಡಕ್ಕೇ ಇದೆ ಎಂದ. ಆಗ ಗಿಳಿ ನಿದ್ದೆಯಿಂದೆದ್ದವನ ಹಾಗೆ ಚಕ್ರವನ್ನು ಬಲಕ್ಕೆ ತಿರುಗಿಸಿದ. ಹಡಗಿನ ಹಿಂಭಾಗದಲ್ಲಿ, ಆ ಹುಡುಗ ಒರೆಸಿ ಎಣ್ಣೆ ಹಚ್ಚಿಟ್ಟಿದ್ದ ಉಕ್ಕಿನ ದಂಡಗಳು ಒಂದಿಷ್ಟೂ ತಡ ಮಾಡದೆ ಸರಿದವು. ಕದ ಒಂದು ಕೊನೆಯಿಂದ ಇನ್ನೊಂದಕ್ಕೆ ಹೋಯಿತು. ಹಡಗು ಮಾತ್ರ ಎಡದ ಓಟ ಬಿಡಲಿಲ್ಲ. ಅರವತ್ತಕ್ಕೆ ತಡೆಯಬೇಕಾಗಿದ್ದದ್ದು ತೊಂಬತ್ತು ದಾಟಿದ ಮೇಲೆ ತಡೆಸಿಕೊಂಡು, ಇನ್ನೂ ಎಷ್ಟೋ ದೂರ ಜಾರಿ, ಅಂತೂ ನಿಂತು, ಬಲಕ್ಕೆ ತನ್ನ ದೊಡ್ಡ ಸುತ್ತು ಹಿಡಿಯಿತು.

ಒಂದು ಮಾತು ಇಲ್ಲಿ ಹೇಳಲೇಬೇಕು. ಬಿದ್ದವನು ಕಣ್ಣಿಗೆ ಕಾಣುತ್ತಲೇ ಇದ್ದರೆ, ಬರೀ ಎಡಕ್ಕೇ ಪೂರ್ತಿ ಸುತ್ತಿ, ಕೊನೆಗೆ ಅವನ ಕಡೆಗೆ ಮೂತಿ ನೇರ ಮಾಡಿಕೊಂಡು ಹೋಗುವ ಕ್ರಮವೂ ಒಂದಿದೆ. ಮಂಜಿನಲ್ಲಿ ಅದನ್ನು ನಂಬಬಾರದೆಂದೇ ಕ್ಯಾಪ್ಟನ್ ಗೆರೆಗೆ ಮರಳುವ ಕ್ರಮ ಹಿಡಿದಿದ್ದರು. ಗಿಳಿಯಿಂದಾಗಿ ಇದೂ ಆಗಲಿಲ್ಲ, ಅದೂ ಆಗಲಿಲ್ಲ. ಎರಡು ದೋಣಿಯಲ್ಲಿ ಕಾಲಿಡಬೇಡ ಎನ್ನುತ್ತಾರೆ. ಅವನು ಒಂದು ಹಡಗನ್ನೇ ಹಾಗೆ ನಿಲ್ಲಿಸಿದ.

ಸುತ್ತು ಮುಗಿಯುವವರೆಗೆ ಮಾಡುವುದೇನೂ ಇರಲಿಲ್ಲ. ಅದೇ ಕಷ್ಟ. ಇಡೀ ಹಡಗು ಬಲಕ್ಕೆ ತಿರುಗುತ್ತಿದೆ, ಹೊರಗೆ ಬಿಳೀ ಮಂಜು, ತಿರುಗುತ್ತಿರುವುದು ಕಾಣುವುದೂ ಇಲ್ಲ, ಅಂಕಿಗಳು ಮಾತ್ರ ಉರುಳುತ್ತವೆ. ಗಿಳಿ ಚಕ್ರ ಹಿಡಿದು ನಿಂತಿದ್ದ. ಬೇಗ ಬಾ, ಬೇಗ ಬಾ ಎಂದು ಹಡಗನ್ನು ಮನಸ್ಸಿನಲ್ಲೇ ಬೇಡಿಕೊಂಡ. ತಟ್ಟೆಯಷ್ಟಗಲದ ಆ ಚಕ್ರವನ್ನು ಎಷ್ಟು ಬಿಗಿಯಾಗಿ ಒತ್ತಿದರೂ ಕೊನೆ ಮುಟ್ಟಿದ ಚುಕ್ಕಾಣಿ ಅದಕ್ಕಿಂತ ಮುಂದೆ ಹೋಗುವುದಿಲ್ಲ. ಹೆಂಡತಿಗೆ ಏನು ಹೇಳಲಿ ಎಂಬ ಯೋಚನೆ ಆಗಲೇ ಬಂತು, ಬಂದದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು.

ಮೂತಿ ಹಿಂದಿನ ದಿಕ್ಕಿಗೆ ಬಂದು ನಿಂತಾಗ ಸೆಕೆಂಡ್ ಆಫೀಸರ್ ಪರದೆ ನೋಡಿ, ಗುರುತು ಎಡಕ್ಕೆ ಬಹಳ ದೂರ ಉಳಿದಿದೆ ಎಂದ. ಅಂದರೆ ಹಡಗು ತಾನು ಬಂದ ಗೆರೆಯ ಮೇಲೆ ಇರಲಿಲ್ಲ. ಅದರ ಪಕ್ಕದಲ್ಲಿ, ಹಡಗಿನ ಎರಡುದ್ದದಷ್ಟು ಆಚೆ, ಸಮಾನಾಂತರವಾಗಿ ಹೋಗುತ್ತಿತ್ತು. ಕ್ಯಾಪ್ಟನ್ ಹಾರ್ನ್ ನಿಲ್ಲಿಸಿದರು, ಎಂಜಿನ್ ನಿಲ್ಲಿಸಿದರು. ಎಲ್ಲರೂ ಕಿವಿಗೊಟ್ಟರು. ಎಡ ಅಂಚಿನಲ್ಲಿ ಕಾವಲಿಗೆ ನಿಂತಿದ್ದವನು ಕೈಯೆತ್ತಿದ. ಗಿಳಿಗೂ ಕೇಳಿಸಿತು. ಬಹಳ ದೂರದಿಂದ, ಯಾರೋ ಕೂಗಿದ ದನಿ. ಮಾತು ತಿಳಿಯಲಿಲ್ಲ, ದನಿ ತಿಳಿಯಿತು. ಹುಡುಗ ಬದುಕಿದ್ದ. ಬಂದ ಗೆರೆಯ ಮೇಲೆ ಬಂದಿದ್ದರೆ ಈಗ ಅವನ ಪಕ್ಕದಲ್ಲೇ ಇರುತ್ತಿದ್ದರು, ಏಣಿ ಬಿಟ್ಟರೆ ಎಟುಕುವಷ್ಟು ಹತ್ತಿರ.

ಹಡಗು ಪಕ್ಕಕ್ಕೆ ಸರಿಯಲಾರದು. ಎಂಜಿನ್ ನಿಂತರೆ ಕದಕ್ಕೆ ಬಡಿಯುವ ನೀರಿಲ್ಲ, ಎಡಕ್ಕೆ ಎಂದರೂ ಮೂತಿ ಮಿಸುಕುವುದಿಲ್ಲ. ಎಂಜಿನ್ ಕೊಟ್ಟರೆ ಮತ್ತೆ ಅಗಲವಾದ ಸುತ್ತು, ಮತ್ತೆ ಅಷ್ಟೇ ಹೊತ್ತು. ಕ್ಯಾಪ್ಟನ್ ದೋಣಿ ಇಳಿಸಿದರು. ಮಂಜಿನಲ್ಲಿ, ಅಲೆಯಲ್ಲಿ, ಅದು ಅಷ್ಟು ದೂರ ತಡಕುತ್ತ ಹೋಗಬೇಕಾಯಿತು. ದನಿ ಇನ್ನೊಮ್ಮೆ ಕೇಳಿಸಿತು, ಆಮೇಲೆ ಕೇಳಿಸಲಿಲ್ಲ. ತಣ್ಣನೆಯ ನೀರು ಮೊದಲು ಕೈಕಾಲು ಕಸಿದುಕೊಳ್ಳುತ್ತದೆ, ಜೀವವನ್ನು ಆಮೇಲೆ. ದೋಣಿಯವರು ಅವನನ್ನು ಕಂಡದ್ದು ಆಮೇಲೆ. ಲೈಫ್‌ಬಾಯ್ ಅವನಿಂದ ಇನ್ನೂ ಎಷ್ಟೋ ಮಾರು ಆಚೆ ತೇಲುತ್ತಿತ್ತು. ಮೇಲಕ್ಕೆ ತಂದು, ಎದೆ ಒತ್ತಿ, ಉಸಿರು ಕೊಟ್ಟು, ಮಾಡಬೇಕಾದ್ದನ್ನೆಲ್ಲ ಮಾಡಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಅಡಿಗೆಯವನು ಅಳುತ್ತ ಹೇಳಿದ. ಗಿಳಿಗೆ ಅಳು ಬರಲಿಲ್ಲ.

ಬಂದರಿಗೆ ತಿರುಗಿದ ದಾರಿಯಲ್ಲಿ ಕ್ಯಾಪ್ಟನ್ ಅವನನ್ನು ತಮ್ಮ ಕೋಣೆಗೆ ಕರೆದರು. ಬೈಯುತ್ತಾರೆ ಎಂದುಕೊಂಡು ಹೋದ, ಬೈದರೆ ಸಾಕು ಎಂದುಕೊಂಡೇ ಹೋದ. ಅವರು ಕುಳಿತುಕೊಳ್ಳಲು ಹೇಳಿದರು. "ನನ್ನ ಕಣ್ಣು ಮುಳ್ಳಿನ ಮೇಲಿರಬೇಕಿತ್ತು. ನಿನ್ನ ಕೈ ನಂಬಿ ನಾನು ಹೊರಗೆ ನೋಡ್ತಾ ನಿಂತೆ," ಎಂದರು. ಅದಕ್ಕಿಂತ ಎರಡು ಏಟು ಹಾಕಿದ್ದರೆ ಗಿಳಿಗೆ ಹಗುರವಾಗುತ್ತಿತ್ತು.

ವಿಚಾರಣೆ ನಡೆಯಿತು. ಕೇಳಿದ್ದಕ್ಕೆಲ್ಲ ಅವನು ಇದ್ದದ್ದನ್ನು ಇದ್ದಂತೆ ಹೇಳಿದ. ಚಕ್ರ ತಿರುಗಿಸುವುದು ತಡವಾಯಿತು ನಿಜ, ಆದರೆ ಅಂಥ ಮಂಜಿನಲ್ಲಿ, ಅಂಥ ನೀರಿನಲ್ಲಿ, ಸರಿಯಾಗಿ ತಿರುಗಿಸಿದ್ದರೂ ಬದುಕುತ್ತಿದ್ದ ಎಂದು ಹೇಳಲಾಗದು ಎಂದು ವಿಚಾರಣೆಗೆ ಬಂದವರು ತೀರ್ಮಾನಿಸಿದರು. ಪ್ರತಿ ಆಜ್ಞೆಯ ನಂತರ ಆಫೀಸರುಗಳು ಮುಳ್ಳು ನೋಡಲೇಬೇಕೆಂದು ಕಂಪನಿ ಎಲ್ಲ ಹಡಗುಗಳಿಗೆ ತಿಳಿಸಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದರಲ್ಲಿ ಎಲ್ಲ ಕಚೇರಿಗಳೂ ಬಲು ಚುರುಕು.

ಹೆಣದ ಜೊತೆ ಅವನು ಮನೆಗೆ ಬಂದ. ಹೇಗೆ ಕರೆದುಕೊಂಡು ಹೋಗಿದ್ದನೋ ಹಾಗೆ ಕರೆದುಕೊಂಡು ಬರಲಾಗಲಿಲ್ಲ. ಹೆಂಡತಿ ಅವನನ್ನು ಒಂದು ಮಾತೂ ಆಡಲಿಲ್ಲ. ಮಣ್ಣು ಮಾಡಿ ಬಂದ ಸಂಜೆ, ಜನ ಇನ್ನೂ ಇದ್ದಾಗ, ಚಕ್ರ ಹಿಡಿದಿದ್ದವರು ನೀವೇನಾ, ಯಾವ ಕಡೆ ತಿರುಗಿಸಿದಿರಿ ಎಂದಷ್ಟೇ ಕೇಳಿದಳು. ಎಡಕ್ಕೆ, ಅವನು ಬಿದ್ದ ಕಡೆಗೆ ಎಂದ. ಸುಳ್ಳೇನಲ್ಲ. ಅವಳು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡುಬಿಟ್ಟಳು. ಮಾತಾಡಿಸಲು ಬಂದವರಿಗೆಲ್ಲ ಅದನ್ನೇ ಹೇಳಿದಳು. ನಮ್ಮವರು ಅವನ ಕಡೆಗೇ ತಿರುಗಿಸಿದರಂತೆ, ಬಿಟ್ಟು ಹೋಗಲಿಲ್ಲವಂತೆ, ಅವನಿಗೂ ಹಡಗು ತನ್ನ ಕಡೆ ತಿರುಗಿದ್ದು ಕಂಡಿರುತ್ತದೆ. ಬಂದವರು ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದು ಹೇಳಿ, ಗಿಳಿಯ ಹೆಗಲು ತಟ್ಟಿ ಹೋಗುತ್ತಿದ್ದರು. ತಟ್ಟಿದಾಗಲೆಲ್ಲ ಅವನು ಇನ್ನಷ್ಟು ಕುಗ್ಗಿದ. ಹೇಳಬೇಕೆಂದು ಬಾಯಿ ತೆರೆದಾಗೆಲ್ಲ ಅವಳ ಮುಖ ನೋಡಿ ಮುಚ್ಚಿಕೊಂಡ. ಅವಳಿಗೆ ಉಳಿದದ್ದು ಅದೊಂದೇ ಸಮಾಧಾನ, ಅದನ್ನೂ ಕಿತ್ತುಕೊಳ್ಳುವುದೇ?

ಅವಳು ಕೆಲಸಕ್ಕೆ ಮರಳಿದ ಮೇಲೆ ಒಂದು ಮಧ್ಯಾಹ್ನ ಊಟದ ಡಬ್ಬಿ ಕೊಡಲು ಅವನು ಡಿಪೋಗೆ ಹೋದ. ಅಂಗಳದಲ್ಲಿ ತೊಳೆದ ಬಸ್ಸುಗಳು ನೀರು ಸೋರುತ್ತ ನಿಂತಿದ್ದವು. ಅವಳ ಬಸ್ಸು ಮೂಲೆಯಲ್ಲಿತ್ತು. ಅವಳು ಡ್ರೈವರ್ ಸೀಟಿನಲ್ಲೇ ಕೂತಿದ್ದಳು, ಊಟಕ್ಕೆ ಇಳಿದಿರಲಿಲ್ಲ. ಅವನು ಹತ್ತಿ ಎಂಜಿನ್ ಮುಚ್ಚಳದ ಮೇಲೆ ಕೂತ. ಅವಳು ಡಬ್ಬಿ ತೆಗೆದುಕೊಂಡಳು, ತೆರೆಯಲಿಲ್ಲ. ಎರಡು ದಿನದಿಂದ ಒಂದು ವಿಷಯ ತಲೆ ತಿನ್ನುತ್ತಿದೆ ಎಂದಳು. ಮೊನ್ನೆ ಬೆಳಿಗ್ಗೆ ಕೊನೆಯ ಸ್ಟಾಪಿನಲ್ಲಿ ಬಸ್ಸು ಹೊರಳಿಸುವಾಗ ಹೊಳೆಯಿತಂತೆ. ತಾನು ಸುತ್ತು ಹಾಕಿ ತಿರುಗಿದರೆ ಬಸ್ಸು ಬಂದ ದಾರಿಗೆ ಬರುವುದಿಲ್ಲ, ರಸ್ತೆಯ ಆ ಬದಿಗೆ ಬರುತ್ತದೆ. ನೀವು ಹೇಳಿದ ಡ್ರಮ್ಮಿನ ತಾಲೀಮಿನಲ್ಲಿ ಎರಡು ಕಡೆ ತಿರುಗಿಸಬೇಕಲ್ಲವೇ, ಮೊದಲು ಎಡ, ಆಮೇಲೆ ಬಲ?

ಅವನು ಹೌದೆಂದ.

"ಅವತ್ತು ಬಲಕ್ಕೆ ಯಾವಾಗ ತಿರುಗಿಸಿದ್ರಿ?"

ಬಸ್ಸಿನ ಗಾಜಿನಾಚೆ ಮೆಕ್ಯಾನಿಕ್ ಒಬ್ಬ ಟೈರು ಉರುಳಿಸಿಕೊಂಡು ಹೋಗುತ್ತಿದ್ದ. ಅವನು ದಾಟಿ ಹೋಗುವವರೆಗೂ ಗಿಳಿ ನೋಡಿದ. ಆಮೇಲೆ ಎಲ್ಲ ಹೇಳಿದ. ಮಂಜು ಹರಿದದ್ದು, ತಲೆ ಕಂಡದ್ದು, ಕೈ ಎದ್ದದ್ದು. ಬಾಯಿ ಬಲಕ್ಕೆ ಎಂದದ್ದು, ಕೈ ಎಡಕ್ಕೇ ನಿಂತದ್ದು. ಗೆರೆ ತಪ್ಪಿ ಎಷ್ಟು ದೂರ ಬಂದರೆಂಬುದು, ಅಲ್ಲಿಂದ ದನಿ ಕೇಳಿದ್ದು. ಅವನ ಕಡೆ ತಿರುಗಿಸಿಯೇ ಅವನನ್ನು ಕಳೆದುಕೊಂಡೆ, ಬೆನ್ನು ತೋರಿಸಿದ್ದರೆ ಸಿಗುತ್ತಿದ್ದ ಎಂದ. ಹೇಳುತ್ತ ಹೇಳುತ್ತ, ಇಷ್ಟು ದಿನ ಬಾರದಿದ್ದ ಅಳು ಬಂತು.

ಅವಳು ಅವನ ಕೈ ಹಿಡಿದುಕೊಂಡು ಕೇಳುತ್ತಿದ್ದಳು. ಅವಳ ಮುಖದಲ್ಲಿ ಏನಿದೆಯೆಂದು ನೋಡುವ ಧೈರ್ಯ ಅವನಿಗಾಗಲಿಲ್ಲ. ಸ್ಟೀರಿಂಗಿನ ಮೇಲಿದ್ದ ಅವಳ ಇನ್ನೊಂದು ಕೈಯನ್ನೇ ನೋಡುತ್ತಿದ್ದ.

"ನನ್ನ ಕೈಯಲ್ಲಿ ಚಕ್ರ ಇದ್ದಿದ್ರೆ ನಾನೂ ಬಲಕ್ಕೆ ತಿರುಗಿಸ್ತಿರಲಿಲ್ಲ," ಎಂದಳು ಅವಳು ಕೊನೆಗೆ. "ನನ್ನ ಕಣ್ಣೆದುರು ಅವನು ಕೈಯೆತ್ತಿದ್ರೆ, ನಾನೂ ಅವನ ಕಡೆಗೇ ತಿರುಗಿಸ್ತಿದ್ದೆ."

ಆ ಮಾತಿಗೆ ಜೋತುಬಿದ್ದು ಬದುಕಿಬಿಡಬಹುದಾಗಿತ್ತು. ಅವಳು ಅದನ್ನು ಅದಕ್ಕೆಂದೇ ಕೊಟ್ಟಿದ್ದಳು. ಆದರೆ ತೆಗೆದುಕೊಳ್ಳುವುದು ಅವನಿಂದಾಗಲಿಲ್ಲ.

"ನಿನಗೆ ಗೊತ್ತಿರಲಿಲ್ಲ," ಎಂದ. "ನನಗೆ ಗೊತ್ತಿತ್ತು."

ಹೊರಗೆ ಯಾರೋ ಅವಳ ಬಸ್ಸಿನ ಹೆಸರು ಹಿಡಿದು ಕರೆದರು, ಟ್ರಿಪ್ಪಿಗೆ ಹೊತ್ತಾಗಿತ್ತು.

"ಹೌದು," ಎಂದಳು. "ನಿಮಗೆ ಗೊತ್ತಿತ್ತು."

ಅವನ ಕೈ ಹಿಡಿದಿದ್ದ ಬೆರಳುಗಳು ಸಡಿಲವಾದವು. ಅವಳು ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಮತ್ತೆ ಹಿಡಿಯಲೂ ಇಲ್ಲ.